ಕಾಮಿಕ್ಸ್ ಬಲೂನಿನಲ್ಲಿ ಕನ್ನಡ ಹಿಡಿಸುವ ಬಗೆ: ಅಳತೆಯಿಂದ ಅಂತಿಮ ಸಾಲಿನವರೆಗೆ

ಇಂಗ್ಲಿಷ್ ಕಾಮಿಕ್ಸ್ ಪುಟವೊಂದನ್ನು ಕನ್ನಡಕ್ಕೆ ತರುವವರು ಸಾಮಾನ್ಯವಾಗಿ ಮೊದಲು ಎಲ್ಲ ಸಂಭಾಷಣೆಯನ್ನೂ ಒಂದು ಕಡತದಲ್ಲಿ ಅನುವಾದಿಸಿ ಮುಗಿಸುತ್ತಾರೆ, ಆಮೇಲೆ ಅದನ್ನು ಬಲೂನುಗಳಲ್ಲಿ ತುಂಬಲು ತೊಡಗುತ್ತಾರೆ. ತುಂಬದೆ ಉಳಿದಾಗ ಅಕ್ಷರದ ಗಾತ್ರವನ್ನು ಇಳಿಸುತ್ತಾರೆ. ಹೀಗೆ ತಯಾರಾದ ಪುಟದಲ್ಲಿ ಒಂದು ಬಲೂನಿನ ಮಾತು ದೊಡ್ಡದಾಗಿಯೂ ಪಕ್ಕದ ಬಲೂನಿನ ಮಾತು ಇರುವೆಸಾಲಿನಂತೆಯೂ ಕಾಣುತ್ತದೆ, ಮತ್ತು ಓದುಗರು ಗಾತ್ರದ ಈ ಏರಿಳಿತವನ್ನು ದನಿಯ ಏರಿಳಿತವೆಂದೇ ಗ್ರಹಿಸುತ್ತಾರೆ: ಕೂಗಬೇಕಾದ ಪಾತ್ರ ಪಿಸುಗುಟ್ಟಿದಂತಾಗುತ್ತದೆ. ಆದ್ದರಿಂದ ಕೆಲಸದ ಕ್ರಮವನ್ನೇ ಬದಲಿಸಿ, ಬಲೂನನ್ನು ಮೊದಲು ಅಳೆದು, ಆ ಅಳತೆಯನ್ನು ಕಣ್ಣೆದುರಿಗಿಟ್ಟುಕೊಂಡು ವಾಕ್ಯವನ್ನು ಕಟ್ಟುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ. ಸದ್ದಿನ ಪದಗಳು, ನಿರೂಪಣೆಯ ಚೌಕಗಳು ಮತ್ತು ಚಿತ್ರದೊಳಗಿನ ಫಲಕಗಳ ವಿಷಯ ಬೇರೆಯಾದ್ದರಿಂದ ಅವನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಜಾಗ ಎಲ್ಲಿ ಕಡಿಮೆಯಾಗುತ್ತದೆ

ಕನ್ನಡದ ವಾಕ್ಯ ಇಂಗ್ಲಿಷಿಗಿಂತ ಉದ್ದವಾಗುತ್ತದೆ ಎಂಬುದು ಸಾಮಾನ್ಯ ದೂರು. ವಾಸ್ತವದಲ್ಲಿ ಪದಗಳ ಸಂಖ್ಯೆ ಕನ್ನಡದಲ್ಲಿ ಕಡಿಮೆಯೇ ಇರುತ್ತದೆ. ತೊಂದರೆ ಬರುವುದು ಬೇರೆ ಎರಡು ಕಡೆಯಿಂದ.

ಮೊದಲನೆಯದು ಸಾಲಿನ ಎತ್ತರ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತನ್ನು ಬಹುಮಟ್ಟಿಗೆ ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ದೊಡ್ಡಕ್ಷರಗಳಲ್ಲಿ ಗೆರೆಯಿಂದ ಕೆಳಗಿಳಿಯುವ ಬಾಲಗಳು ಇಲ್ಲವೆಂದೇ ಹೇಳಬಹುದು, ಹೀಗಾಗಿ ಸಾಲುಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಬಹುದು. 8 ಪಾಯಿಂಟಿನ ಅಕ್ಷರಕ್ಕೆ ಸುಮಾರು 9 ಪಾಯಿಂಟಿನ ಸಾಲಂತರ ಕೊಟ್ಟರೂ ಅದು ಸಲೀಸಾಗಿ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಗುಡಿಸು ಮತ್ತು ಎತ್ವ ಮೇಲೆ ಏಳುತ್ತವೆ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಇರಬೇಕಾದರೆ ಸಾಲಂತರವು ಅಕ್ಷರದ ಗಾತ್ರದ ಸುಮಾರು 1.3 ಪಟ್ಟು ಇರಬೇಕಾಗುತ್ತದೆ. ಹಾಗಾಗಿ ಇಂಗ್ಲಿಷಿನ ನಾಲ್ಕು ಸಾಲು ಹಿಡಿಸಿದ ಬಲೂನಿನಲ್ಲಿ ಕನ್ನಡದ ಮೂರು ಸಾಲು ಹಿಡಿಸಿದರೆ ಅದೇ ಸರಿಯಾದ ಲೆಕ್ಕ.

ಎರಡನೆಯದು ಒಡೆಯಲಾಗದ ಪದದ ಅಗಲ. ವಿಭಕ್ತಿ, ಕಾಲ, ಪುರುಷ, ನಿಷೇಧ ಎಲ್ಲವೂ ಕ್ರಿಯಾಪದಕ್ಕೋ ನಾಮಪದಕ್ಕೋ ಅಂಟಿಕೊಳ್ಳುವುದರಿಂದ ‘ಸಾಧ್ಯವಾಗುವುದಿಲ್ಲ’ದಂತಹ ಪದಗಳು ಹುಟ್ಟುತ್ತವೆ. ಇಂತಹ ಪದವನ್ನು ಅಡ್ಡಗೆರೆ ಹಾಕಿ ಎರಡು ಸಾಲಿಗೆ ಒಡೆದರೆ, ಬಲೂನಿನ ಸಣ್ಣ ಜಾಗದಲ್ಲಿ ಓದು ಅಲ್ಲೇ ಎಡವುತ್ತದೆ. ಬಲೂನಿನಲ್ಲಿ ಮಾತು ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಒಟ್ಟು ಉದ್ದವಲ್ಲ, ಆ ಮಾತಿನಲ್ಲಿರುವ ಅತ್ಯಂತ ಅಗಲವಾದ ಪದ. ಮುಂದಿನ ಎಲ್ಲ ಹಂತಗಳೂ ಈ ಒಂದು ಸಂಗತಿಯನ್ನು ಅವಲಂಬಿಸಿವೆ.

ಹಂತ 1: ಪಾತ್ರಗಳ ನಡುವಿನ ಸಂಬೋಧನೆಯನ್ನು ಮೊದಲೇ ನಿರ್ಧರಿಸಿಕೊಳ್ಳುವುದು

ಯಾರು ಯಾರನ್ನು ‘ನೀನು’ ಎನ್ನುತ್ತಾರೆ, ಯಾರನ್ನು ‘ನೀವು’ ಎನ್ನುತ್ತಾರೆ ಎಂಬುದನ್ನು ಇಡೀ ಕಥೆಯನ್ನು ಓದಿ ಮುಗಿಸಿದ ಮೇಲೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇಂಗ್ಲಿಷಿನ ಒಂದೇ ಸರ್ವನಾಮ ಎರಡನ್ನೂ ಮರೆಮಾಡಿರುತ್ತದೆ. ಇದಕ್ಕೂ ಜಾಗಕ್ಕೂ ನೇರ ಸಂಬಂಧವಿದೆ: ‘ಬಾ’ ಒಂದೇ ಅಕ್ಷರ, ‘ಬನ್ನಿ’ ಎರಡು. ಪುಟ್ಟ ಬಲೂನು ಎದುರಾದಾಗ ‘ಬಾ’ ಎಂದು ಬರೆದುಬಿಡುವ ಆಸೆ ಹುಟ್ಟುತ್ತದೆ, ಆದರೆ ಹಿರಿಯರನ್ನು ಗೌರವದಿಂದ ಮಾತನಾಡಿಸುತ್ತಿದ್ದ ಹುಡುಗಿ ಒಂದು ಚೌಕಟ್ಟಿನಲ್ಲಿ ಮಾತ್ರ ಏಕವಚನಕ್ಕೆ ಇಳಿದರೆ ಓದುಗರು ಅಲ್ಲಿ ಜಗಳವೊಂದನ್ನು ಕಾಣುತ್ತಾರೆ. ಜಾಗ ಉಳಿಸಲು ಏನನ್ನು ಬೇಕಾದರೂ ಬದಲಿಸಬಹುದು, ಸಂಬೋಧನೆಯನ್ನು ಮಾತ್ರ ಬದಲಿಸಬಾರದು.

ಅದೇ ಹಾಳೆಯಲ್ಲಿ ಪ್ರತಿ ಪಾತ್ರದ ಮಾತು ಆಡುನುಡಿಗೆ ಎಷ್ಟು ಹತ್ತಿರವಿರುತ್ತದೆ ಎಂಬುದನ್ನೂ ಗುರುತಿಸಬೇಕು. ‘ಹೋಗುತ್ತಿದ್ದೇನೆ’ ಎಂಬಲ್ಲಿ ಐದು ಅಕ್ಷರಗಳಿದ್ದರೆ ‘ಹೋಗ್ತಿದೀನಿ’ ಎಂಬಲ್ಲಿ ನಾಲ್ಕೇ ಇವೆ. ಪ್ರತಿ ಕ್ರಿಯಾಪದದಲ್ಲಿ ಒಂದೊಂದು ಅಕ್ಷರ ಉಳಿದರೆ ಪುಟದ ಮಟ್ಟಿಗೆ ಅದು ದೊಡ್ಡ ಉಳಿತಾಯ. ಆದರೆ ಒಂದು ಪಾತ್ರ ದೊಡ್ಡ ಬಲೂನಿನಲ್ಲಿ ಗ್ರಾಂಥಿಕವಾಗಿಯೂ ಸಣ್ಣ ಬಲೂನಿನಲ್ಲಿ ಆಡುನುಡಿಯಲ್ಲೂ ಮಾತನಾಡುವಂತಿಲ್ಲ. ಕಥೆಯಲ್ಲಿ ರಾಜನೋ ನ್ಯಾಯಾಧೀಶನೋ ಇದ್ದು ಅವನ ಭಾಷೆ ಬಿಗಿಯಾಗಿಯೇ ಇರಬೇಕೆಂದಾದರೆ, ಅವನ ಬಲೂನುಗಳಲ್ಲಿ ಜಾಗದ ಹೊಂದಾಣಿಕೆಗೆ ಬೇರೆ ದಾರಿ ಹುಡುಕಬೇಕಾಗುತ್ತದೆ ಎಂಬುದು ಈ ಹಂತದಲ್ಲೇ ತಿಳಿದಿದ್ದರೆ ಒಳ್ಳೆಯದು.

ಹಂತ 2: ಫಾಂಟಿನ ಅಕ್ಷರದ ಅಗಲವನ್ನು ಕಂಡುಕೊಳ್ಳುವುದು

ಇಲ್ಲಿ ಅಕ್ಷರ ಎಂದರೆ ಒತ್ತು ಮತ್ತು ಸ್ವರಚಿಹ್ನೆಗಳೆಲ್ಲ ಸೇರಿದ ಒಂದು ಘಟಕ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಆದರೆ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸಾಲು. ಆದ್ದರಿಂದ ತಂತ್ರಾಂಶ ತೋರಿಸುವ ಅಕ್ಷರಸಂಖ್ಯೆ ಈ ಕೆಲಸಕ್ಕೆ ಉಪಯೋಗಕ್ಕೆ ಬಾರದು, ಬಾಯಿಯಲ್ಲಿ ಬಿಡಿಸಿ ಓದಿ ಕೈಯಿಂದಲೇ ಎಣಿಸಬೇಕು.

ಆಯ್ದುಕೊಂಡ ಫಾಂಟಿನಲ್ಲಿ, ಮುದ್ರಣದಲ್ಲಿ ಇರಬೇಕಾದ ಗಾತ್ರದಲ್ಲೇ, ಸುಮಾರು ನಲವತ್ತು ಅಕ್ಷರಗಳ ಸಾಮಾನ್ಯ ಸಂಭಾಷಣೆಯೊಂದನ್ನು ಒಂದೇ ಸಾಲಿನಲ್ಲಿ ಟೈಪು ಮಾಡಿ ಅದರ ಉದ್ದವನ್ನು ಅಳೆಯಿರಿ. ಪದಗಳ ನಡುವಿನ ಪ್ರತಿ ಖಾಲಿ ಜಾಗವನ್ನೂ ಅರ್ಧ ಅಕ್ಷರವೆಂದು ಲೆಕ್ಕಕ್ಕೆ ಹಿಡಿದು ಭಾಗಿಸಿದರೆ ಸರಾಸರಿ ಅಗಲ ಸಿಗುತ್ತದೆ. 9 ಪಾಯಿಂಟಿನಲ್ಲಿ ಒಂದು ಅಕ್ಷರಕ್ಕೆ 2.5 ಮಿಲಿಮೀಟರ್ ಬಂತೆಂದು ಮುಂದಿನ ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಇದು ಸರಾಸರಿ ಮಾತ್ರ ಎಂಬುದನ್ನು ಮರೆಯಬಾರದು: ‘ಯೋ’, ‘ಮಾ’, ‘ಹೋ’ಗಳಂತಹ ಅಕ್ಷರಗಳು ಇದಕ್ಕಿಂತ ಹೆಚ್ಚು ಹರಡಿಕೊಳ್ಳುತ್ತವೆ, ಅರ್ಕಾವೊತ್ತು ಬಂದಲ್ಲಿ ಬಲಕ್ಕೆ ಇನ್ನಷ್ಟು ಜಾಗ ಬೇಕಾಗುತ್ತದೆ, ‘ಗ’, ‘ರ’, ‘ದ’ಗಳು ಕಡಿಮೆಯಲ್ಲೇ ಮುಗಿಯುತ್ತವೆ. ಸಾಲಿನಲ್ಲಿ ಹರಡಿಕೊಳ್ಳುವ ಅಕ್ಷರಗಳು ಎರಡು ಮೂರು ಬಂದಿದ್ದರೆ ಒಂದು ಅಕ್ಷರವನ್ನು ಹೆಚ್ಚಿಗೆ ಎಣಿಸಿಬಿಡುವುದು ಕ್ಷೇಮ.

ಫಾಂಟ್ ಆರಿಸುವಾಗ ಒತ್ತಕ್ಷರಗಳು ಎಷ್ಟು ಕೆಳಗೆ ಇಳಿಯುತ್ತವೆ ಎಂಬುದನ್ನೇ ಮೊದಲು ನೋಡಬೇಕು, ಅಂದ ಆಮೇಲಿನದು. ಅನೇಕ್ ಕನ್ನಡ ಫಾಂಟಿನಲ್ಲಿ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಹೊಂದಿಸುವ ಸೌಲಭ್ಯವಿರುವುದರಿಂದ ಇಕ್ಕಟ್ಟಿನ ಬಲೂನುಗಳಿರುವ ಪುಸ್ತಕಕ್ಕೆ ಅದು ಅನುಕೂಲವಾದ ಆಯ್ಕೆ.

ಹಂತ 3: ಬಲೂನಿಗೆ ಸಾಲುವಾರು ಅಕ್ಷರಮಿತಿ ಬರೆಯುವುದು

ಬಲೂನು ಬಹುಮಟ್ಟಿಗೆ ಅಂಡಾಕಾರದಲ್ಲಿರುತ್ತದೆ, ನಮ್ಮ ಸಾಲುಗಳು ನೇರವಾಗಿರುತ್ತವೆ. ಅಂಡಾಕೃತಿಯೊಳಗೆ ಕೂರಿಸಬಹುದಾದ ಅತಿ ದೊಡ್ಡ ಆಯತವು ಅದರ ಕ್ಷೇತ್ರಫಲದ ಸುಮಾರು ಶೇ. 64ರಷ್ಟು ಮಾತ್ರ. ಹಾಗಾಗಿ ಬಲೂನಿನ ಪೂರ್ತಿ ಅಗಲವನ್ನು ನಂಬಿ ಲೆಕ್ಕ ಹಾಕಿದರೆ ಮೇಲಿನ ಮತ್ತು ಕೆಳಗಿನ ಸಾಲುಗಳ ತುದಿ ಅಂಚನ್ನು ಕಚ್ಚುತ್ತದೆ.

32 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಎತ್ತರದ ಬಲೂನೊಂದನ್ನು ತೆಗೆದುಕೊಳ್ಳೋಣ. 9 ಪಾಯಿಂಟಿನ ಅಕ್ಷರಕ್ಕೆ 1.3 ಪಟ್ಟು ಸಾಲಂತರವೆಂದರೆ ಪ್ರತಿ ಸಾಲಿಗೆ ಸುಮಾರು 4.1 ಮಿಲಿಮೀಟರ್. ಮೂರು ಸಾಲು ಸೇರಿ 12.3 ಮಿಲಿಮೀಟರ್ ಆಗುತ್ತದೆ. ನಾಲ್ಕನೆಯ ಸಾಲನ್ನು ಸೇರಿಸಿದರೆ 16 ಮಿಲಿಮೀಟರ್ ದಾಟಿ, ಮೊದಲ ಮತ್ತು ಕೊನೆಯ ಸಾಲುಗಳು ಬಲೂನು ಕಿರಿದಾಗುವ ಕಡೆಗೆ ತಳ್ಳಲ್ಪಡುತ್ತವೆ. ಆದ್ದರಿಂದ ಮೂರು ಸಾಲೇ ಸರಿ. ಪುಟದ ಮೇಲೆ ಈ ಮೂರು ಸಾಲುಗಳ ಪಟ್ಟಿಗಳನ್ನು ಎಳೆದು, ಎರಡೂ ಬದಿಯಲ್ಲಿ ತಲಾ 2 ಮಿಲಿಮೀಟರ್ ಅಂಚು ಬಿಟ್ಟು ಅಳೆದರೆ, ಮೇಲಿನ ಮತ್ತು ಕೆಳಗಿನ ಪಟ್ಟಿಯಲ್ಲಿ ಸುಮಾರು 21 ಮಿಲಿಮೀಟರ್, ನಡುವಿನದರಲ್ಲಿ ಸುಮಾರು 27 ಮಿಲಿಮೀಟರ್ ಸಿಗುತ್ತದೆ. ಅಕ್ಷರಗಳಲ್ಲಿ ಹೇಳುವುದಾದರೆ 8, 10, 8.

ಈ ಮೂರು ಅಂಕಿಗಳನ್ನು ಬಲೂನಿನ ಕ್ರಮಸಂಖ್ಯೆಯ ಪಕ್ಕದಲ್ಲಿ ಬರೆದಿಡಿ. ಪ್ರತಿ ಬಲೂನಿಗೂ ಇಷ್ಟು ಲೆಕ್ಕ ಹಾಕುವುದು ಬೇಸರದ ಕೆಲಸವೆಂದು ಅನ್ನಿಸಬಹುದು, ಆದರೆ ಮೊದಲ ಕೆಲವು ಪುಟಗಳಾದ ಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಇಕ್ಕಟ್ಟೆಂದು ಕಂಡ ಬಲೂನುಗಳನ್ನು ಮಾತ್ರ ಆಗ ಅಳೆದರೆ ಸಾಕು.

ಹಂತ 4: ಅಳತೆಗೆ ತಕ್ಕಂತೆ ವಾಕ್ಯ ಕಟ್ಟುವುದು

ಈಗ ಆ ಬಲೂನಿನ ಮಾತಿಗೆ ಬರೋಣ. ಹಳೆಯ ಮನೆಯೊಂದರ ಮುದಿ ಕಾವಲುಗಾರ, ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟ ಹುಡುಗಿಯನ್ನು ನೋಡಿ ಕೂಗುತ್ತಾನೆ: ‘ಸ್ಟಾಪ್! ಇಫ್ ಯೂ ಓಪನ್ ದಟ್ ಡೋರ್ ನೌ, ನನ್ ಆಫ್ ಅಸ್ ವಿಲ್ ಎವರ್ ಗೆಟ್ ಔಟ್ ಆಫ್ ಹಿಯರ್!’ ಇದನ್ನು ಪದಕ್ಕೆ ಪದವಾಗಿ ತಂದರೆ ಹೀಗಾಗುತ್ತದೆ:

ನಿಲ್ಲು! ನೀನು ಈಗ ಆ ಬಾಗಿಲನ್ನು ತೆರೆದರೆ ನಮ್ಮಲ್ಲಿ ಯಾರಿಗೂ ಇಲ್ಲಿಂದ ಎಂದಿಗೂ ಹೊರಗೆ ಹೋಗಲು ಸಾಧ್ಯವಾಗುವುದಿಲ್ಲ!

ಖಾಲಿ ಜಾಗಗಳನ್ನು ಬಿಟ್ಟೇ ನಲವತ್ತು ಅಕ್ಷರಗಳು. ನಮ್ಮಲ್ಲಿರುವುದು ಖಾಲಿ ಜಾಗವೂ ಸೇರಿ ಇಪ್ಪತ್ತಾರು. ಇದನ್ನು ಇಳಿಸುವಾಗ ಒಂದು ನಿರ್ದಿಷ್ಟ ಕ್ರಮವನ್ನು ಅನುಸರಿಸಿದರೆ ಅರ್ಥಕ್ಕೆ ಪೆಟ್ಟು ಬೀಳುವುದು ಕೊನೆಗೆ, ಅದೂ ಅನಿವಾರ್ಯವಾದರೆ ಮಾತ್ರ.

ಮೊದಲು ಚಿತ್ರವೇ ಹೇಳುತ್ತಿರುವುದನ್ನು ತೆಗೆಯಿರಿ. ಹುಡುಗಿಯ ಕೈ ಬಾಗಿಲಿನ ಮೇಲಿದೆ, ಯಾವ ಬಾಗಿಲು ಎಂಬ ಪ್ರಶ್ನೆ ಏಳುವುದಿಲ್ಲ, ಹೀಗಾಗಿ ‘ಆ’ ಬೇಡ. ಅಪ್ರಾಣಿವಾಚಕ ಕರ್ಮಪದಕ್ಕೆ ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಮಾತಿನಲ್ಲಿ ಬಿಡುವುದು ಕನ್ನಡದ ಸಹಜ ರೂಢಿ, ಆದ್ದರಿಂದ ‘ಬಾಗಿಲನ್ನು’ ಎಂಬುದು ‘ಬಾಗಿಲು’ ಆಗುತ್ತದೆ. ಮನುಷ್ಯರ ವಿಷಯದಲ್ಲಿ ಈ ಸಲಿಗೆಯಿಲ್ಲ. ‘ಅವನನ್ನು ನೋಡಿದೆ’ ಎಂಬಲ್ಲಿ ಪ್ರತ್ಯಯ ತೆಗೆದರೆ ವಾಕ್ಯವೇ ಕೆಡುತ್ತದೆ.

ಆಮೇಲೆ ಸರ್ವನಾಮಗಳು. ‘ಬರುತ್ತೇನೆ’, ‘ಬಂದಳು’, ‘ಬಂದೆವು’ ಎಂಬ ರೂಪಗಳಲ್ಲಿ ಕರ್ತೃ ಕ್ರಿಯಾಪದದಲ್ಲೇ ಇದ್ದಾನೆ, ಆದ್ದರಿಂದ ಒತ್ತು ಕೊಡಬೇಕಾದ ಸಂದರ್ಭ ಬಿಟ್ಟು ಉಳಿದೆಡೆ ‘ನಾನು’, ‘ಅವಳು’, ‘ನಾವು’ ಬೇಕಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಇದೆ. ‘ಬರಲ್ಲ’, ‘ಬರಬೇಕು’, ‘ಬರಬಹುದು’ ಎಂಬ ರೂಪಗಳು ಯಾರಿಗೆ ಬೇಕಾದರೂ ಸಲ್ಲುತ್ತವೆ. ಇಂತಹ ಕಡೆ ಸರ್ವನಾಮ ಬಿಟ್ಟರೆ ಯಾರು ಬರುವುದಿಲ್ಲ ಎಂಬುದು ಚಿತ್ರದಿಂದ ತಿಳಿಯುತ್ತದೆಯೇ ಎಂದು ನೋಡಿಕೊಳ್ಳಲೇಬೇಕು. ನಮ್ಮ ಉದಾಹರಣೆಯಲ್ಲಿ ‘ತೆರೆದರೆ’ ಕೂಡ ಕರ್ತೃವನ್ನು ಹೇಳುವುದಿಲ್ಲ, ಆದರೆ ಕೈ ಯಾರದೆಂದು ಕಾಣುತ್ತಿರುವುದರಿಂದ ‘ನೀನು’ ಹೋಗಬಹುದು.

ಮೂರನೆಯದಾಗಿ ಅಗಲವಾದ ಪದವನ್ನು ಎದುರಿಸಬೇಕು. ‘ಸಾಧ್ಯವಾಗುವುದಿಲ್ಲ’ ಒಂದೇ ಏಳು ಅಕ್ಷರಗಳನ್ನು ನುಂಗುತ್ತದೆ. ಆಡುನುಡಿಗೆ ತಿರುಗಿಸಿದರೆ ‘ಹೊರಗೆ ಹೋಗೋಕಾಗಲ್ಲ’ ಎಂದಾಗುತ್ತದೆ, ಅದೇ ಎಂಟೂವರೆ ಅಕ್ಷರವಾಗಿ ಕೊನೆಯ ಸಾಲಿನ ಮಿತಿ ಮೀರುತ್ತದೆ, ‘ಯಾರೂ’ ಎಂಬುದನ್ನು ಸೇರಿಸಿದರಂತೂ ಇನ್ನಷ್ಟು. ‘ಯಾರೂ ಉಳಿಯಲ್ಲ’ ಎಂದರೆ ಹಿಡಿಸುತ್ತದೆ, ಆದರೆ ಮೂಲದಲ್ಲಿರುವುದು ಹೊರಹೋಗಲಾಗದ ಭಯ, ಸಾವಿನ ಭಯವಲ್ಲ. ಮುಂದಿನ ಪುಟಗಳಲ್ಲಿ ಇಬ್ಬರೂ ಒಳಗೆ ಸಿಕ್ಕಿಕೊಂಡು ಜೀವಂತವಾಗಿಯೇ ಇದ್ದರೆ ಕಾವಲುಗಾರನ ಮಾತು ಸುಳ್ಳಾಗಿಬಿಡುತ್ತದೆ. ಇಂತಹ ಇಕ್ಕಟ್ಟಿನಲ್ಲಿ ನಾನು ಮೊದಲು ಪ್ರಯತ್ನಿಸುವುದು ನಿಷೇಧದ ವಾಕ್ಯವನ್ನು ತಿರುಗಿಸಿ ಸಕಾರಾತ್ಮಕವಾಗಿ ಹೇಳುವುದನ್ನು. ಯಾರೂ ಹೊರಗೆ ಹೋಗಲಾಗುವುದಿಲ್ಲ ಎಂದರೆ ಎಲ್ಲರೂ ಒಳಗೇ ಸೆರೆಯಾಗುತ್ತಾರೆ ಎಂದೇ ಅರ್ಥ. ಕನ್ನಡದ ನಿಷೇಧರೂಪಗಳು ಸ್ವಭಾವತಃ ಉದ್ದವಾಗಿರುವುದರಿಂದ ಈ ಒಂದು ತಿರುವು ಬಹಳ ಸಲ ಬಲೂನನ್ನು ಉಳಿಸುತ್ತದೆ. ಕ್ರಿಯಾಪದವಿಲ್ಲದ ವಾಕ್ಯವೂ ಕನ್ನಡದಲ್ಲಿ ಪೂರ್ಣವಾಗಿಯೇ ಕೇಳಿಸುತ್ತದೆ ಎಂಬುದು ಇನ್ನೊಂದು ಅನುಕೂಲ. ಅಂತಿಮ ರೂಪ ಹೀಗಿದೆ:

ನಿಲ್ಲು!
ಈಗ ಬಾಗಿಲು ತೆಗೆದ್ರೆ
ಎಲ್ರೂ ಇಲ್ಲೇ ಸೆರೆ!

ಮೊದಲ ಸಾಲು ಎರಡು ಅಕ್ಷರ, ನಡುವಿನದು ಖಾಲಿ ಜಾಗವೂ ಸೇರಿ ಒಂಬತ್ತು, ಕೊನೆಯದು ಏಳು. ‘ಸೆರೆ’ಯ ಬದಲು ‘ಬಂದಿ’ ಎಂದೂ ಬರೆಯಬಹುದಿತ್ತು, ಅಳತೆ ಅಷ್ಟೇ ಬರುತ್ತದೆ. ಆದರೆ ಉತ್ತರ ಕರ್ನಾಟಕದ ಓದುಗರಿಗೆ ‘ಬಂದಿ’ ಎಂಬುದು ‘ನೀನು ಬಂದೆ’ ಎಂದೂ ಕೇಳಿಸುತ್ತದೆ, ಕ್ಷಣಮಾತ್ರದ ಅನುಮಾನಕ್ಕೂ ಎಡೆಕೊಡದ ಪದವೇ ಮೇಲು. ‘ಎಂದಿಗೂ’ ಎಂಬುದು ಬಿಟ್ಟುಹೋಗಿದೆ, ಅದರ ಭಾರವನ್ನು ‘ಇಲ್ಲೇ’ ಎಂಬುದರ ಅವಧಾರಣೆಯ ಏಕಾರ ಹೊತ್ತಿದೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ದಪ್ಪಕ್ಷರದಿಂದ ತೋರಿಸುವ ಒತ್ತನ್ನು ಕನ್ನಡದಲ್ಲಿ ‘ನೀನೇ’, ‘ಅಲ್ಲೇ’, ‘ಅವನೂ’ ಎಂದು ಒಂದು ಸ್ವರಚಿಹ್ನೆಯಲ್ಲಿ ಹೇಳಿ ಮುಗಿಸಬಹುದು. ಹೊಸ ಪದ ಬೇಕಿಲ್ಲ, ದಪ್ಪಕ್ಷರವೂ ಬೇಕಿಲ್ಲ, ಹೆಚ್ಚಿನ ಫಾಂಟುಗಳಲ್ಲಿ ದಪ್ಪಕ್ಷರವು ಇನ್ನಷ್ಟು ಅಗಲವನ್ನು ಕೇಳುತ್ತದೆ ಬೇರೆ.

ಹಂತ 5: ಸಂಧಿಯನ್ನು ಕೂಡಿಸುವುದು, ಬಿಡಿಸುವುದು

ಹುಡುಗಿಯ ಉತ್ತರ ಇರುವ ಬಲೂನು ಕಿರಿದಾಗಿ ಎತ್ತರವಾಗಿದೆ: ಅಗಲ 16 ಮಿಲಿಮೀಟರ್, ಎತ್ತರ 26. ಮೇಲಿನಿಂದ ಕೆಳಗೆ ಬರೆಯುವ ಜಪಾನಿ ಕಾಮಿಕ್ಸ್‌ನಲ್ಲಿ ಇಂತಹ ಬಲೂನುಗಳೇ ಹೆಚ್ಚು, ಕನ್ನಡಕ್ಕೆ ಅವೇ ಅತ್ಯಂತ ಕಠಿಣ. ಮೇಲಿನ ವಿಧಾನದಲ್ಲಿ ಅಳೆದರೆ ಇಲ್ಲಿ ನಾಲ್ಕು ಸಾಲು ಸಿಗುತ್ತದೆ, ಮಿತಿ 3, 4, 4, 3. ಅವಳು ಹೇಳುವುದು ‘ದೆನ್ ಟೆಲ್ ಮಿ ವಾಟ್ಸ್ ಬಿಹೈಂಡ್ ಇಟ್!’

‘ಹಾಗಾದರೆ ಒಳಗೇನಿದೆ ಹೇಳಿ’ ಎಂಬುದು ಒಳ್ಳೆಯ ಕನ್ನಡ, ಒಟ್ಟು ಹನ್ನೊಂದೇ ಅಕ್ಷರ. ಆದರೂ ಇದು ಹಿಡಿಸುವುದಿಲ್ಲ, ಏಕೆಂದರೆ ‘ಒಳಗೇನಿದೆ’ ಐದು ಅಕ್ಷರಗಳ ಒಂದೇ ಪದ, ಅತ್ಯಂತ ಅಗಲವಾದ ಸಾಲಿಗೂ ಅದು ದೊಡ್ಡದು. ಸಂಧಿ ಬಿಡಿಸಿದರೆ ಅಕ್ಷರ ಒಂದು ಹೆಚ್ಚಾಗುತ್ತದೆ, ಆದರೆ ಎರಡು ಸಾಲಿಗೆ ಹಂಚಿಕೊಳ್ಳುತ್ತದೆ:

ಹಾಗಾದ್ರೆ
ಒಳಗೆ
ಏನಿದೆ
ಹೇಳಿ!

ಅಗಲವಾದ ಬಲೂನಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಸಂಧಿಯನ್ನು ಕೂಡಿಸುವುದು ಲಾಭ: ‘ಏನು ಆಯಿತು’ ಎಂಬುದು ‘ಏನಾಯ್ತು’ ಆದರೆ ಒಂದು ಖಾಲಿ ಜಾಗವೂ ಎರಡು ಅಕ್ಷರಗಳೂ ಉಳಿಯುತ್ತವೆ. ಹೀಗಾಗಿ ಒಂದೇ ಮಾತಿಗೆ ಎರಡು ರೂಪಗಳನ್ನು ಕೈಯಲ್ಲಿಟ್ಟುಕೊಂಡು ಬಲೂನಿನ ಆಕಾರ ನೋಡಿ ಆರಿಸಿಕೊಳ್ಳಬೇಕು. ಆದರೆ ಎಲ್ಲ ಸಂಧಿಗಳನ್ನೂ ಬಿಡಿಸಲಾಗದು. ‘ಬಂದಿದ್ದಾನೆ’ ಎಂಬುದನ್ನು ‘ಬಂದು ಇದ್ದಾನೆ’ ಎಂದರೆ ಬೇರೆಯೇ ಅರ್ಥ ಬರುತ್ತದೆ. ಬಿಡಿಸಿದ ರೂಪವನ್ನು ಗಟ್ಟಿಯಾಗಿ ಓದಿ ನೋಡಿ, ಜನ ಹಾಗೆ ಬಿಡಿಸಿ ಮಾತನಾಡುತ್ತಾರೆ ಎನ್ನಿಸಿದರೆ ಮಾತ್ರ ಬಳಸಬೇಕು.

‘ಹಾಗಾದ್ರೆ’ಯ ಬದಲು ‘ಸರಿ’ ಎಂದು ಬರೆದರೆ ಇನ್ನೂ ಒಂದು ಅಕ್ಷರ ಉಳಿಯುತ್ತಿತ್ತು. ಆದರೆ ಅವಳು ಒಪ್ಪಿಕೊಳ್ಳುತ್ತಿಲ್ಲ, ಸವಾಲು ಹಾಕುತ್ತಿದ್ದಾಳೆ. ಜಾಗ ಇರುವಾಗ ದನಿಯನ್ನು ಕಳೆದುಕೊಳ್ಳಬಾರದು. ‘ಹೇಳಿ’ ಎಂಬ ಬಹುವಚನವು ಮೊದಲ ಹಂತದ ಹಾಳೆಯಿಂದ ಬಂದದ್ದು.

ಹಂತ 6: ಒಂದು ಮಾತು ಎರಡು ಬಲೂನಿಗೆ ಹರಡಿದಾಗ

ಕಾವಲುಗಾರ ಈಗ ಎರಡು ಬಲೂನುಗಳಲ್ಲಿ ಉತ್ತರಿಸುತ್ತಾನೆ. ಮೊದಲನೆಯದರಲ್ಲಿ ‘ಐ ಲಾಕ್ಡ್ ಸಮ್‌ವನ್ ಇನ್ ದೇರ್...’, ಅದಕ್ಕೆ ಕೊಂಡಿಯಾಗಿ ಅಂಟಿದ ಎರಡನೆಯದರಲ್ಲಿ ‘...ಟ್ವೆಂಟಿ ಇಯರ್ಸ್ ಅಗೋ.’ ಕನ್ನಡದ ಸಹಜ ಪದಕ್ರಮದಲ್ಲಿ ‘ಇಪ್ಪತ್ತು ವರ್ಷದ ಹಿಂದೆ’ ಎಂಬುದು ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗೆಯೇ ತುಂಬಿದರೆ ಎರಡು ತೊಡಕುಗಳಾಗುತ್ತವೆ: ದೊಡ್ಡ ಬಲೂನಿಗೆ ಸಣ್ಣ ಮಾತು, ಸಣ್ಣದಕ್ಕೆ ದೊಡ್ಡ ಮಾತು ಬೀಳುತ್ತದೆ, ಜೊತೆಗೆ ಹುಡುಗಿ ಬೆಚ್ಚಿಬೀಳುವ ಮುಖ ಮೊದಲ ಬಲೂನಿನ ಪಕ್ಕದಲ್ಲಿದ್ದರೆ ಅವಳು ಇನ್ನೂ ಕೇಳಿರದ ಸಂಗತಿಗೆ ಬೆಚ್ಚಿದಂತೆ ಕಾಣುತ್ತದೆ.

ಮಾತಿನ ಕನ್ನಡದಲ್ಲಿ ಕ್ರಿಯಾಪದದ ನಂತರವೂ ಒಂದು ಪದಗುಚ್ಛವನ್ನು ಸೇರಿಸುವ ಅಭ್ಯಾಸವಿದೆ, ನೆನಪು ಮಾಡಿಕೊಂಡು ಹೇಳುವಾಗಲಂತೂ ಅದು ಬಹಳ ಸಹಜ. ಇದನ್ನು ಬಳಸಿಕೊಂಡರೆ ಮೂಲದ ಕ್ರಮವೂ ಬಲೂನಿನ ಅಳತೆಯೂ ಒಟ್ಟಿಗೆ ಉಳಿಯುತ್ತವೆ. ಮೊದಲ ಬಲೂನಿನ ಮಿತಿ 5, 8, 5 ಇದ್ದಲ್ಲಿ:

ಅಲ್ಲಿ
ಒಬ್ಬರನ್ನ ಕೂಡಿ
ಹಾಕಿದ್ದೆ...

ಎರಡನೆಯದರಲ್ಲಿ ‘...ಇಪ್ಪತ್ತು ವರ್ಷದ ಹಿಂದೆ.’ ಎಂದು ಬರುತ್ತದೆ. ‘ಕೂಡಿಹಾಕಿದ್ದೆ’ ಎಂಬ ಐದು ಅಕ್ಷರಗಳ ಪದಕ್ಕೆ ಚುಕ್ಕಿಗಳೂ ಸೇರಿದರೆ ಕೊನೆಯ ಸಾಲು ತುಂಬಿ ತುಳುಕುತ್ತಿತ್ತು, ಆದ್ದರಿಂದ ಸಂಯುಕ್ತ ಕ್ರಿಯಾಪದದ ಜೋಡಣೆಯಲ್ಲೇ ಬಿಡಿಸಿದ್ದಾಗಿದೆ. ‘ನಾನು’ ಬೇಡ, ‘ಹಾಕಿದ್ದೆ’ ಎಂಬುದರಲ್ಲೇ ಅವನಿದ್ದಾನೆ.

ಇಲ್ಲಿ ಅಳತೆಗೆ ಸಂಬಂಧಿಸದ, ಆದರೆ ಅಳತೆಯ ಗಡಿಬಿಡಿಯಲ್ಲಿ ಸುಲಭವಾಗಿ ತಪ್ಪಿಹೋಗುವ ಒಂದು ವಿಷಯವಿದೆ. ಮೂಲದಲ್ಲಿ ಒಳಗಿರುವುದು ಗಂಡೋ ಹೆಣ್ಣೋ ಎಂಬುದು ಗುಟ್ಟಾಗಿದೆ. ‘ಒಬ್ಬನನ್ನ’ ಎಂದರೂ ‘ಒಬ್ಬರನ್ನ’ ಎಂದರೂ ನಾಲ್ಕೇ ಅಕ್ಷರಗಳು, ಆದರೆ ಮೊದಲನೆಯದು ಕಥೆಯ ಗುಟ್ಟನ್ನು ಮುಂಚೆಯೇ ಬಿಟ್ಟುಕೊಡುತ್ತದೆ. ‘ಯಾರನ್ನೋ’ ಎಂದರೆ ಲಿಂಗ ಮರೆಯಾಗುತ್ತದೆ, ಆದರೆ ಒಳಗಿರುವವರು ಯಾರೆಂದು ಅವನಿಗೇ ತಿಳಿಯದು ಎಂದಾಗುತ್ತದೆ. ಮುಂದಿನ ಪುಟಗಳನ್ನು ಓದದೆ ಈ ಬಲೂನನ್ನು ಅನುವಾದಿಸಲು ಸಾಧ್ಯವೇ ಇಲ್ಲ.

ಹಂತ 7: ಸಾಲು ಒಡೆಯುವುದು ಮತ್ತು ಕೂರಿಸುವುದು

ಸಾಲುಗಳ ಹೊರರೇಖೆ ಬಲೂನಿನ ಆಕಾರವನ್ನೇ ಹೋಲಬೇಕು: ಮೇಲೆ ಚಿಕ್ಕದು, ನಡುವೆ ಅಗಲ, ಕೆಳಗೆ ಮತ್ತೆ ಚಿಕ್ಕದು. ನಡುವೆ ಕಿರಿದಾಗಿ ಮೇಲೆ ಕೆಳಗೆ ಅಗಲವಾದರೆ ನಾಲ್ಕು ಮೂಲೆಗಳೂ ಅಂಚಿಗೆ ತಾಗುತ್ತವೆ, ನಡುವೆ ಬಿಳಿ ಜಾಗ ಸುಮ್ಮನೆ ಉಳಿಯುತ್ತದೆ. ಅತ್ಯಂತ ಅಗಲವಾದ ಪದ ಕೊನೆಯ ಸಾಲಿಗೆ ಬರುವುದು ಕನ್ನಡದಲ್ಲಿ ಪದೇಪದೇ ಎದುರಾಗುವ ಸಮಸ್ಯೆ, ಏಕೆಂದರೆ ಕ್ರಿಯಾಪದ ಅಲ್ಲೇ ಇರುತ್ತದೆ. ಆಗ ಸಂಬೋಧನೆಯನ್ನೋ ಕಾಲಸೂಚಕ ಪದವನ್ನೋ ಕ್ರಿಯಾಪದದ ನಂತರಕ್ಕೆ ಸರಿಸಿದರೆ ಕ್ರಿಯಾಪದ ನಡುವಿನ ಸಾಲಿಗೆ ಏರುತ್ತದೆ: ‘ಅಜ್ಜಾ, ಬೇಗ ಬಾಗಿಲು ಮುಚ್ಚಿಬಿಡಿ’ ಎಂಬುದನ್ನು ‘ಬಾಗಿಲು / ಮುಚ್ಚಿಬಿಡಿ ಬೇಗ, / ಅಜ್ಜಾ!’ ಎಂದು ಒಡೆಯಬಹುದು.

ವಿಶೇಷಣವನ್ನು ಅದರ ನಾಮಪದದಿಂದ, ‘ಆ’ ‘ಈ’ಗಳನ್ನು ಮುಂದಿನ ಪದದಿಂದ ಬೇರ್ಪಡಿಸಿ ಸಾಲಿನ ಕೊನೆಯಲ್ಲಿ ನೇತುಹಾಕಬಾರದು. ತಂತ್ರಾಂಶದ ಸ್ವಯಂಚಾಲಿತ ಸಾಲು ಒಡೆಯುವಿಕೆಗೆ ಇದು ತಿಳಿಯದು, ಹೀಗಾಗಿ ಪ್ರತಿ ಸಾಲನ್ನೂ ಕೈಯಾರೆ ಒಡೆಯುವುದು ಮತ್ತು ಪದ ಒಡೆಯುವ ಸೌಲಭ್ಯವನ್ನು ಪೂರ್ತಿಯಾಗಿ ನಿಲ್ಲಿಸಿಡುವುದು ಒಳ್ಳೆಯದು.

ಇನ್‌ಡಿಸೈನ್ ಬಳಸುವವರು ಪ್ಯಾರಾದ ಸಂಯೋಜಕವನ್ನು Adobe World-Ready Paragraph Composer ಎಂದು ಬದಲಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲಬಹುದು. ಒಂದು ಪದದಲ್ಲಿ ಅರ್ಧಾಕ್ಷರದ ಚಿಹ್ನೆ ಎದ್ದು ಕಂಡರೆ ಅಥವಾ ಚುಕ್ಕಿಗಳ ವೃತ್ತ ಕಾಣಿಸಿಕೊಂಡರೆ ಮೊದಲು ಇದನ್ನೇ ಪರೀಕ್ಷಿಸಬೇಕು, ಏಕೆಂದರೆ ಒಡೆದ ಒತ್ತು ಅಗಲವನ್ನೂ ಹೆಚ್ಚಿಸಿ ಅಳತೆಯ ಲೆಕ್ಕವನ್ನೇ ತಪ್ಪಿಸುತ್ತದೆ.

ಕೊನೆಗೆ ಒತ್ತು ಮತ್ತು ಗುಡಿಸಿನ ಘರ್ಷಣೆಯನ್ನು ನೋಡಬೇಕು. ಆಡುನುಡಿಯ ರೂಪಗಳು ಅಗಲವನ್ನು ಉಳಿಸುತ್ತವೆ, ಆದರೆ ‘ಗ್ತಿ’, ‘ದ್ರೆ’, ‘ಲ್ರೂ’ಗಳಂತಹ ಒತ್ತುಗಳನ್ನು ಹೆಚ್ಚಿಸಿ ಎತ್ತರವನ್ನು ಕೇಳುತ್ತವೆ. ಮೇಲಿನ ಸಾಲಿನ ಒತ್ತಿನ ನೇರ ಕೆಳಗೆ ಕೆಳಸಾಲಿನ ಗುಡಿಸು ಬಂದಿದ್ದರೆ ಇಡೀ ಬಲೂನಿನ ಸಾಲಂತರವನ್ನು ಬದಲಿಸುವ ಅಗತ್ಯವಿಲ್ಲ. ಒಂದು ಪದವನ್ನು ಪಕ್ಕದ ಸಾಲಿಗೆ ಸರಿಸಿದರೆ ಸಾಮಾನ್ಯವಾಗಿ ಎರಡೂ ತಪ್ಪಿಸಿಕೊಳ್ಳುತ್ತವೆ.

ಇಷ್ಟಾದರೂ ಹಿಡಿಸದಿದ್ದರೆ

ಫಾಂಟಿಗೆ ಅಗಲ ಹೊಂದಿಸುವ ಸೌಲಭ್ಯವಿದ್ದರೆ ಆ ಬಲೂನಿನಲ್ಲಿ ಮಾತ್ರ ಅಗಲವನ್ನು ಶೇ. 90ರವರೆಗೆ ಇಳಿಸಬಹುದು, ಅಷ್ಟು ವ್ಯತ್ಯಾಸವನ್ನು ಕಣ್ಣು ಗುರುತಿಸುವುದಿಲ್ಲ. ಸೌಲಭ್ಯವಿಲ್ಲದ ಫಾಂಟನ್ನು ತಂತ್ರಾಂಶದಲ್ಲಿ ಅಡ್ಡಲಾಗಿ ಹಿಂಡಬಾರದು. ಆಗ ನಿಂತ ಗೆರೆಗಳು ಮಾತ್ರ ತೆಳುವಾಗಿ ಅಕ್ಷರ ಸೊರಗಿದಂತೆ ಕಾಣುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ತಗ್ಗಿಸುವುದೂ ಕನ್ನಡಕ್ಕೆ ಒಗ್ಗದು, ಬಲಕ್ಕೆ ಚಾಚಿದ ಒತ್ತು ಮುಂದಿನ ಅಕ್ಷರದ ಅಡಿಗೆ ನುಗ್ಗಿ ಇನ್ನೊಂದು ಪದವಾಗಿ ಓದಿಸಿಕೊಳ್ಳುತ್ತದೆ.

ಗಾತ್ರವನ್ನು ಅರ್ಧ ಪಾಯಿಂಟಿನಷ್ಟು ಇಳಿಸುವುದಾದರೆ ಒಂದು ಬಲೂನಿಗೆ ಮಾತ್ರವಲ್ಲದೆ ಆ ಪುಟದ ಎಲ್ಲ ಸಾಮಾನ್ಯ ಮಾತಿಗೂ ಇಳಿಸಬೇಕು. ಮುದ್ರಣದಲ್ಲಿ 7.5 ಪಾಯಿಂಟಿಗಿಂತ ಕೆಳಗೆ ಹೋಗಲು ನಾನು ಒಪ್ಪುವುದಿಲ್ಲ, ಅಲ್ಲಿಂದಾಚೆಗೆ ಒತ್ತಕ್ಷರಗಳ ಒಳಗಿನ ಬಿಳಿ ಮುಚ್ಚಿಹೋಗಿ ಒತ್ತುಗಳ ನಡುವಿನ ವ್ಯತ್ಯಾಸ ಅಳಿಸುತ್ತಾ ಹೋಗುತ್ತದೆ. ಬಲೂನನ್ನೇ ಹಿಗ್ಗಿಸುವುದು ಕೊನೆಯ ದಾರಿ. ಅದಕ್ಕೆ ಪ್ರಕಾಶಕರ ಅನುಮತಿ ಬೇಕು, ಬಲೂನು ಚಿತ್ರದಿಂದ ಬೇರೆಯಾದ ಪದರದಲ್ಲಿರಬೇಕು, ಹಿಗ್ಗಿದ ಅಂಚು ಯಾವ ಮುಖವನ್ನೂ ಕೈಯನ್ನೂ ಮುಚ್ಚಬಾರದು, ಬಾಲದ ತುದಿ ಮಾತನಾಡುವವರ ಬಾಯಿಯ ಕಡೆಗೇ ಇರಬೇಕು.

ಕೆಲಸ ಮುಗಿದ ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಮೂಲವನ್ನು ಓದದ ಒಬ್ಬರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಲು ಹೇಳಿ. ಅವರು ಸಾಲಿನ ಕೊನೆಯಲ್ಲಿ ತಡವರಿಸಿದ ಕಡೆ ಒಡೆತ ತಪ್ಪಾಗಿದೆ, ಪದವನ್ನು ಎರಡನೆಯ ಸಲ ಓದಿದ ಕಡೆ ಒತ್ತು ಮುಚ್ಚಿಹೋಗಿದೆ ಅಥವಾ ಸಂಕ್ಷೇಪ ಅತಿಯಾಗಿದೆ, ಯಾರು ಯಾರಿಗೆ ಹೇಳಿದ್ದೆಂದು ಕೇಳಿದ ಕಡೆ ಬಿಡಬಾರದ ಸರ್ವನಾಮವನ್ನು ಬಿಡಲಾಗಿದೆ. ಆ ಬಲೂನುಗಳ ಸಂಖ್ಯೆಯನ್ನು ಗುರುತು ಹಾಕಿಕೊಂಡು ನಾಲ್ಕನೆಯ ಹಂತದಿಂದ ಮತ್ತೆ ತೊಡಗಬೇಕು.